ಕಲಕಬೇಕೋ, ಕುಲುಕಬೇಕೋ? ಒಂದೇ ಜಿನ್, ಒಂದು ಮಾರ್ಟಿನಿ, ಒಂದು ಗಿಮ್ಲೆಟ್

ಮನೆಯಲ್ಲಿ ಒಂದು ಒಳ್ಳೆಯ ಜಿನ್ ಬಾಟಲಿ ಇದೆ ಅಂದುಕೊಳ್ಳಿ. ಅದರಲ್ಲಿ ಮಾರ್ಟಿನಿ ಮಾಡಬಹುದು, ಗಿಮ್ಲೆಟ್ಟೂ ಮಾಡಬಹುದು. ಮಾರ್ಟಿನಿಗೆ ಜಿನ್ ಮತ್ತು ಡ್ರೈ ವರ್ಮೂತ್ ಸಾಕು. ಗಿಮ್ಲೆಟ್‌ಗೆ ಜಿನ್, ನಿಂಬೆರಸ, ಸಕ್ಕರೆ ಪಾಕ ಬೇಕು. ಮೊದಲನೆಯದನ್ನು ಐಸ್ ಹಾಕಿ ಉದ್ದನೆಯ ಚಮಚದಲ್ಲಿ ಕಲಕುತ್ತಾರೆ. ಎರಡನೆಯದನ್ನು ಶೇಕರ್‌ಗೆ ಹಾಕಿ ಜೋರಾಗಿ ಕುಲುಕುತ್ತಾರೆ. ಅದಲುಬದಲು ಮಾಡಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದವರಿಗೆ ಇದು ಬರೀ ಸಂಪ್ರದಾಯ ಅಲ್ಲ ಅಂತ ಗೊತ್ತಾಗುತ್ತದೆ.

ಬಾರ್‌ಗಳಲ್ಲಿ ಹೇಳಿಕೊಡುವ ನಿಯಮ ಚಿಕ್ಕದು. ಲೋಟದಲ್ಲಿ ಇರುವುದೆಲ್ಲ ತಿಳಿಯಾದ ಮದ್ಯವೇ ಆಗಿದ್ದರೆ ಕಲಕಿ. ಜ್ಯೂಸ್, ಕ್ರೀಮ್, ಮೊಟ್ಟೆ ಇದ್ದರೆ ಶೇಕ್ ಮಾಡಿ. ಹತ್ತರಲ್ಲಿ ಒಂಬತ್ತು ಸಲ ಈ ನಿಯಮ ಸಾಕು. ಆದರೆ ಇದರ ಹಿಂದಿನ ಕಾರಣ ಗೊತ್ತಿದ್ದರೆ ಆ ಹತ್ತನೆಯ ಡ್ರಿಂಕ್ ಬಂದಾಗಲೂ ತಡಕಾಡಬೇಕಾಗಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಡ್ರಿಂಕ್‌ನೊಳಗೆ ನನಗೆ ಗಾಳಿ ಬೇಕಾ, ಬೇಡವಾ?

ಯಾಕೆ ಗಾಳಿ ಅಂದರೆ, ಮಿಕ್ಕ ಎರಡು ಕೆಲಸಗಳನ್ನು ಎರಡೂ ವಿಧಾನಗಳು ಮಾಡುತ್ತವೆ. ಕಲಕಿದರೂ ತಣ್ಣಗಾಗುತ್ತದೆ, ಕುಲುಕಿದರೂ ತಣ್ಣಗಾಗುತ್ತದೆ. ಕಲಕಿದರೂ ನೀರು ಸೇರುತ್ತದೆ, ಕುಲುಕಿದರೂ ಸೇರುತ್ತದೆ. ವೇಗ ಬೇರೆ, ಪ್ರಮಾಣ ಸ್ವಲ್ಪ ಬೇರೆ, ಅಷ್ಟೇ. ಗುಳ್ಳೆಗಳನ್ನು ಒಳಗೆ ತುಂಬುವುದು ಮಾತ್ರ ಶೇಕರ್ ಒಂದರ ಕೆಲಸ.

ತಣ್ಣಗೂ ನೀರೂ ಒಟ್ಟಿಗೇ ಬರುತ್ತವೆ

ಐಸ್ ಕರಗಿ ಡ್ರಿಂಕ್ ನೀರಾಗುತ್ತದೆ ಅಂತ ಬೇಸರಪಡುವವರು ತುಂಬಾ ಜನ. ಆದರೆ ತಣ್ಣಗಾಗುವುದೇ ಐಸ್ ಕರಗುವುದರಿಂದ. ಒಂದು ಗ್ರಾಂ ಐಸ್ ಕರಗುವಾಗ ಸುತ್ತಲಿನಿಂದ ಸುಮಾರು 80 ಕ್ಯಾಲರಿ ಶಾಖ ಹೀರಿಕೊಳ್ಳುತ್ತದೆ. ಅದೇ ಒಂದು ಗ್ರಾಂ ಐಸ್ ಫ್ರೀಜರ್‌ನ ಮೈನಸ್ 18 ಡಿಗ್ರಿಯಿಂದ ಸೊನ್ನೆಗೆ ಬರುವಾಗ ಹೀರುವುದು 9 ಕ್ಯಾಲರಿ ಮಾತ್ರ. ಅಂದರೆ ಐಸ್ ಎಷ್ಟು ತಣ್ಣಗಿದೆ ಅನ್ನುವುದಕ್ಕಿಂತ ಎಷ್ಟು ಕರಗಿತು ಅನ್ನುವುದೇ ಮುಖ್ಯ. ಕರಗದೆ ತಣ್ಣಗೆ ಮಾಡುವ ಐಸ್ ಇಲ್ಲ.

ಇನ್ನೊಂದು ವಿಷಯ ಇದೆ. ಬರೀ ನೀರಿಗೆ ಐಸ್ ಹಾಕಿದರೆ ಅದು ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಮದ್ಯದಲ್ಲಿ ಹಾಗಲ್ಲ. ಆಲ್ಕೋಹಾಲ್ ಇರುವ ದ್ರವ ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ, ಅದರ ಜೊತೆ ಇರುವ ಐಸ್ ಕರಗುತ್ತಲೇ ಇರುತ್ತದೆ. ಹಾಗೆ ಕರಗುತ್ತಾ ಶಾಖ ಎಳೆದುಕೊಳ್ಳುವುದರಿಂದ ಚೆನ್ನಾಗಿ ಕಲಕಿದ ಮಾರ್ಟಿನಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿರುತ್ತದೆ. ಶೇಕ್ ಮಾಡಿದ ಡ್ರಿಂಕ್ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ ಹೋಗುತ್ತದೆ.

ಶೇಕರ್‌ನಲ್ಲಿ ಇದೆಲ್ಲ ಬೇಗ ಮುಗಿಯುತ್ತದೆ. ಐಸ್ ತುಂಡುಗಳು ಗೋಡೆಗೆ ಬಡಿಯುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಚೂರಾಗುತ್ತವೆ. ಚೂರಾದಷ್ಟೂ ದ್ರವಕ್ಕೆ ತಾಗುವ ಮೈ ಜಾಸ್ತಿ. 12ರಿಂದ 15 ಸೆಕೆಂಡು ಜೋರಾಗಿ ಶೇಕ್ ಮಾಡಿದರೆ ಡ್ರಿಂಕ್ ಆಗಬೇಕಾದಷ್ಟು ತಣ್ಣಗಾಗಿರುತ್ತದೆ. ಆಮೇಲೆ ಅರ್ಧ ನಿಮಿಷ ಕುಲುಕಿದರೂ ತಾಪಮಾನ ಹೆಚ್ಚೇನೂ ಇಳಿಯುವುದಿಲ್ಲ. ಕಲಕುವಾಗ ಐಸ್ ಸುಮ್ಮನೆ ಸುತ್ತುತ್ತಿರುತ್ತದೆ, ಒಡೆಯುವುದಿಲ್ಲ. ಆದ್ದರಿಂದ ಕೆಲಸ ನಿಧಾನ. ನಿಧಾನ ಆಗಿರುವುದರಿಂದಲೇ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಶೇಕರ್ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ, ಚಮಚ ನಿಮ್ಮನ್ನು ಕೇಳುತ್ತದೆ.

ಮಾರ್ಟಿನಿ: ಕಲಕುವುದು ಹೇಗೆ, ಎಲ್ಲಿ ನಿಲ್ಲಿಸುವುದು

60 ಎಂಎಲ್ ಜಿನ್, 12 ಎಂಎಲ್ ಡ್ರೈ ವರ್ಮೂತ್ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಹೆಚ್ಚಿನ ಜಿನ್‌ಗಳು 42.8 ಶೇಕಡಾ ಆಲ್ಕೋಹಾಲ್ ಇರುವಂಥವು. ವರ್ಮೂತ್ ಸುಮಾರು 18 ಶೇಕಡಾ. ಎರಡೂ ಸೇರಿ 72 ಎಂಎಲ್, ಆಲ್ಕೋಹಾಲ್ 39 ಶೇಕಡಾ ಹತ್ತಿರ. ಇದನ್ನು ಹೀಗೇ ಕುಡಿದರೆ ಗಂಟಲು ಸುಡುತ್ತದೆ, ಜಿನ್‌ನ ಜ್ಯೂನಿಪರ್ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ ಎಲ್ಲ ಆ ಉರಿಯ ಹಿಂದೆ ಉಳಿದುಬಿಡುತ್ತವೆ. ಇದಕ್ಕೆ ಸುಮಾರು 30 ಎಂಎಲ್ ನೀರು ಸೇರಿದಾಗ ಒಟ್ಟು 100 ಎಂಎಲ್ ದಾಟುತ್ತದೆ, ಆಲ್ಕೋಹಾಲ್ 27 ಶೇಕಡಾಕ್ಕೆ ಇಳಿಯುತ್ತದೆ. ಮಾರ್ಟಿನಿ ಅನ್ನುವುದು ಆಗಲೇ. ಆ ನೀರು ಕೂಡ ರೆಸಿಪಿಯ ಒಂದು ಪದಾರ್ಥ.

ಮಿಕ್ಸಿಂಗ್ ಗ್ಲಾಸ್ ಇಲ್ಲದಿದ್ದರೆ ಅರ್ಧ ಲೀಟರ್ ಹಿಡಿಸುವ ದಪ್ಪ ಗಾಜಿನ ಜಾಡಿ ಆಗುತ್ತದೆ. ಅದನ್ನು ಹತ್ತು ನಿಮಿಷ ಫ್ರೀಜರ್‌ನಲ್ಲಿ ಇಟ್ಟು ತೆಗೆಯಿರಿ. ಬೆಚ್ಚಗಿನ ಗಾಜಿಗೆ ಐಸ್ ಹಾಕಿದರೆ ಐಸ್ ಮೊದಲು ಗಾಜನ್ನು ತಣ್ಣಗೆ ಮಾಡಲು ಕರಗುತ್ತದೆ, ಆ ನೀರು ದಂಡ. ಮುಕ್ಕಾಲು ಭಾಗ ಐಸ್ ತುಂಬಿ. ಐಸ್ ದ್ರವಕ್ಕಿಂತ ಮೇಲೆ ಕಾಣುತ್ತಿರಬೇಕು. ನಾಲ್ಕೈದು ತುಂಡು ಹಾಕಿ ಕಲಕಿದರೆ ತಣ್ಣಗಾಗುವುದರೊಳಗೆ ಅವೇ ಕರಗಿ ಮುಗಿದಿರುತ್ತವೆ.

ಈಗ ಚಮಚ. ಅದರ ಬೆನ್ನು ಗಾಜಿನ ಒಳಗೋಡೆಗೆ ತಾಗಿರಲಿ, ತುದಿ ತಳ ಮುಟ್ಟಿರಲಿ. ಚಮಚದ ಹಿಡಿಯನ್ನು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳ ನಡುವೆ ಸಡಿಲವಾಗಿ ಹಿಡಿದು, ಗೋಡೆಯ ಉದ್ದಕ್ಕೂ ಸುತ್ತಿಸಿ. ಮಣಿಕಟ್ಟು ಹೆಚ್ಚು ಅಲ್ಲಾಡಬಾರದು, ಬೆರಳುಗಳೇ ಚಮಚವನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯಬೇಕು. ಸರಿಯಾಗಿ ಮಾಡಿದರೆ ಐಸ್ ಎಲ್ಲ ಒಂದೇ ಗುಂಪಾಗಿ ಸುತ್ತುತ್ತದೆ, ಸದ್ದು ಹೆಚ್ಚು ಬರುವುದಿಲ್ಲ. ಕಟಕಟ ಸದ್ದು ಬರುತ್ತಿದೆ ಅಂದರೆ ಐಸ್ ಒಡೆಯುತ್ತಿದೆ, ಗಾಳಿ ಒಳಗೆ ಹೋಗುತ್ತಿದೆ ಅಂತ. ಟೀ ಕಲಕುವ ಹಾಗೆ ಅಡ್ಡಾದಿಡ್ಡಿ ತಿರುಗಿಸಿದರೆ ಇದೇ ಆಗುವುದು.

ಫ್ರಿಜ್ ಟ್ರೇಯ ಐಸ್‌ನಲ್ಲಿ ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ ಬೇಕಾಗಬಹುದು. ದೊಡ್ಡ ತುಂಡುಗಳಾದರೆ ಇನ್ನೂ ಜಾಸ್ತಿ. ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ. 15 ಸೆಕೆಂಡಿಗೊಮ್ಮೆ ಸ್ಟ್ರಾ ಅದ್ದಿ, ಮೇಲೆ ಬೆರಳಿಟ್ಟು ಒಂದು ತೊಟ್ಟು ತೆಗೆದು ರುಚಿ ನೋಡಿ. ಮೊದಲ ಸಲ ಬರೀ ಉರಿ. ಎರಡನೆಯ ಸಲ ತಣ್ಣಗಿದೆ, ಆದರೆ ಕೊನೆಯಲ್ಲಿ ಚುಚ್ಚುತ್ತದೆ. ಆಮೇಲೆ ಒಂದು ಹಂತದಲ್ಲಿ ಚುಚ್ಚುವುದು ನಿಂತು ಜಿನ್‌ನ ವಾಸನೆ ಬಾಯಿ ತುಂಬ ಹರಡುತ್ತದೆ. ಅಲ್ಲಿ ನಿಲ್ಲಿಸಿ, ತಕ್ಷಣ ಸೋಸಿ. ಅದನ್ನೂ ದಾಟಿದರೆ ರುಚಿ ಚಪ್ಪೆಯಾಗುತ್ತದೆ, ಮತ್ತೆ ಹಿಂದಕ್ಕೆ ತರಲು ದಾರಿಯಿಲ್ಲ. ಸ್ವಲ್ಪ ಕಡಿಮೆ ಕಲಕಿದ್ದು ಲೋಟದಲ್ಲಿ ಹೇಗೂ ಸರಿಹೋಗುತ್ತದೆ ಅಂತ ಕೆಲವರು ಅನ್ನುತ್ತಾರೆ. ಆದರೆ ಮಾರ್ಟಿನಿ ಲೋಟದಲ್ಲಿ ಐಸ್ ಇರುವುದಿಲ್ಲ, ಇನ್ನಷ್ಟು ನೀರು ಸೇರುವ ಅವಕಾಶವೇ ಇಲ್ಲ. ಬಿಸಿಯಾಗುತ್ತಾ ಹೋದಂತೆ ಉರಿ ಇನ್ನೂ ಹೆಚ್ಚುತ್ತದೆ.

ನಾಲಿಗೆಗೆ ಅಭ್ಯಾಸ ಆಗುವ ತನಕ ಅಳತೆ ಲೋಟ ಸಹಾಯ ಮಾಡುತ್ತದೆ. ಒಳಗೆ ಹಾಕಿದ್ದು 72 ಎಂಎಲ್. ಸೋಸಿದ ಮೇಲೆ 100ರ ಆಸುಪಾಸು ಬಂದರೆ ಸರಿ. 85 ಬಂದರೆ ಇನ್ನೂ ಕಲಕಬೇಕಿತ್ತು. 120 ಬಂದರೆ ಐಸ್ ತೀರ ಚಿಕ್ಕದಿತ್ತು, ಅಥವಾ ಒದ್ದೆಯಾಗಿತ್ತು, ಇಲ್ಲ ನೀವು ಜಾಸ್ತಿ ಹೊತ್ತು ಕಲಕಿದ್ದೀರಿ. ಒಂದೆರಡು ಸಲ ಹೀಗೆ ಅಳೆದು ನೋಡಿದರೆ ಯಾವ ರುಚಿಗೆ ಎಷ್ಟು ನೀರು ಅನ್ನುವುದು ಬಾಯಿಗೆ ನೆನಪಿರುತ್ತದೆ.

ಹೀಗೆ ಬಂದ ಡ್ರಿಂಕ್ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ, ಬಾಯಲ್ಲಿ ತೂಕ ಇರುತ್ತದೆ. ನುಣುಪಾಗಿ, ಸ್ವಲ್ಪ ದಪ್ಪವಾಗಿ ನಾಲಿಗೆ ಮೇಲೆ ಜಾರುತ್ತದೆ. ಇದಕ್ಕೆ ಕಾರಣ ಇದೆ. ನೀರು ಮತ್ತು ಆಲ್ಕೋಹಾಲ್ ಬೆರೆತಾಗ ಆ ಮಿಶ್ರಣ ನೀರಿಗಿಂತಲೂ ದಪ್ಪ, ಬರೀ ಆಲ್ಕೋಹಾಲ್‌ಗಿಂತಲೂ ದಪ್ಪ. ತಣ್ಣಗಾದಷ್ಟೂ ಇನ್ನೂ ಮಂದವಾಗುತ್ತದೆ. ಫ್ರೀಜರ್‌ನಲ್ಲಿಟ್ಟ ವೋಡ್ಕಾ ಎಣ್ಣೆಯಂತೆ ನಿಧಾನವಾಗಿ ಸುರಿಯುವುದನ್ನು ನೀವು ನೋಡಿರಬಹುದು. ಮಾರ್ಟಿನಿಯ ಸುಖವೆಲ್ಲ ಈ ಮಂದತನದಲ್ಲೇ ಇದೆ ಅಂತ ನನಗನ್ನಿಸುತ್ತದೆ. ಗುಳ್ಳೆಗಳು ನಡುವೆ ಬಂದರೆ ಅದು ಕೆಡುತ್ತದೆ.

ಅದೇ ಮಾರ್ಟಿನಿ ಶೇಕರ್‌ಗೆ ಹೋದರೆ

ಅದೇ 72 ಎಂಎಲ್ ಅನ್ನು ಶೇಕ್ ಮಾಡಿ ಪಕ್ಕದ ಲೋಟಕ್ಕೆ ಸೋಸಿ, ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಶೇಕ್ ಮಾಡಿದ್ದು ಮಂಜು ಕವಿದ ಹಾಗೆ ಬೆಳ್ಳಗಿರುತ್ತದೆ. ಅದು ಸಣ್ಣ ಸಣ್ಣ ಗುಳ್ಳೆಗಳಿಂದ ಬಂದ ಬಿಳಿ. ಮೇಲೆ ಐಸ್‌ನ ತೆಳು ಚೂರುಗಳು ತೇಲುತ್ತಿರುತ್ತವೆ. ಸ್ವಲ್ಪ ಹೊತ್ತು ಕಾಯಿರಿ. ಗುಳ್ಳೆಗಳು ಮೇಲಕ್ಕೆ ಬಂದು ಒಡೆಯುತ್ತವೆ, ಕೆಳಗಿನಿಂದ ತಿಳಿಯಾಗುತ್ತಾ ಬರುತ್ತದೆ. ಒಂದೆರಡು ನಿಮಿಷದಲ್ಲಿ ಗಾಳಿ ಬಹುಪಾಲು ಹೋಗಿಯೇ ಬಿಟ್ಟಿರುತ್ತದೆ. ಗಾಳಿಯನ್ನು ಹಿಡಿದಿಡುವಂಥದ್ದು ಜಿನ್‌ನಲ್ಲೂ ಇಲ್ಲ, ವರ್ಮೂತ್‌ನಲ್ಲೂ ಇಲ್ಲ.

ಕುಡಿದು ನೋಡಿದರೆ ಮೊದಲ ಗುಟುಕು ತುಂಬಾ ತಣ್ಣಗೆ, ಹರಿತವಾಗಿ ಇರುತ್ತದೆ. ಆದರೆ ಬಾಯಲ್ಲಿ ತೆಳು. ಗುಳ್ಳೆಗಳು ಹೋದ ಮೇಲೆ ಉಳಿಯುವುದು ಜಾಸ್ತಿ ನೀರು ಸೇರಿದ ಮಾರ್ಟಿನಿ. ಶೇಕ್ ಮಾಡಿದರೆ ಜಿನ್‌ಗೆ ಪೆಟ್ಟಾಗುತ್ತದೆ, ಅದರ ವಾಸನೆಯೇ ಒಡೆದುಹೋಗುತ್ತದೆ ಅನ್ನುವ ಮಾತು ಬಾರ್‌ಗಳಲ್ಲಿ ಕೇಳಿಬರುತ್ತದೆ. ಜಿನ್‌ಗೆ ಹಾಗೆಲ್ಲ ಪೆಟ್ಟಾಗುವುದಿಲ್ಲ. ನೀರು, ಗಾಳಿ, ತಣ್ಣಗಿರುವ ಪ್ರಮಾಣ, ಈ ಮೂರರ ವ್ಯತ್ಯಾಸವೇ ನಾಲಿಗೆಗೆ ಹಾಗೆ ಗೊತ್ತಾಗುವುದು.

ಇದನ್ನು ಇಷ್ಟಪಟ್ಟು ಕುಡಿಯುವವರೂ ಇದ್ದಾರೆ, ಅವರು ತಪ್ಪು ಮಾಡುತ್ತಿಲ್ಲ. 1930ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರಾಡಕ್ ಹೊರತಂದ ರೆಸಿಪಿ ಪುಸ್ತಕದಲ್ಲೂ ಡ್ರೈ ಮಾರ್ಟಿನಿಯನ್ನು ಚೆನ್ನಾಗಿ ಶೇಕ್ ಮಾಡಿ ಅಂತಲೇ ಇದೆ. ತುಂಬಾ ತಣ್ಣಗೆ, ಹಗುರವಾಗಿ, ಎರಡು ನಿಮಿಷದಲ್ಲಿ ಕುಡಿದು ಮುಗಿಸುವ ಡ್ರಿಂಕ್ ಬೇಕಿದ್ದರೆ ಶೇಕ್ ಮಾಡಿಕೊಳ್ಳಿ. ನಿಧಾನವಾಗಿ ಕುಡಿಯುವ, ಒಳ್ಳೆಯ ಜಿನ್‌ನ ವಾಸನೆ ಗೊತ್ತಾಗಬೇಕಾದ ಮಾರ್ಟಿನಿಗೆ ಮಾತ್ರ ನಾನು ಚಮಚವನ್ನೇ ಆರಿಸುತ್ತೇನೆ. ಮ್ಯಾನ್‌ಹಟನ್, ನೆಗ್ರೋನಿ, ಓಲ್ಡ್ ಫ್ಯಾಷನ್ಡ್ ವಿಷಯದಲ್ಲೂ ಅಷ್ಟೇ. ನೆಗ್ರೋನಿಯನ್ನು ಶೇಕ್ ಮಾಡಿದರೆ ಆ ಹೊಳೆಯುವ ಕೆಂಪು ಬಣ್ಣ ಮಸುಕಾಗಿ, ಮೇಲೆ ಗುಲಾಬಿ ನೊರೆ ಕೂರುತ್ತದೆ.

ಗಿಮ್ಲೆಟ್: ಇಲ್ಲಿ ಗಾಳಿ ಬೇಕು

ಈಗ 60 ಎಂಎಲ್ ಜಿನ್, 20 ಎಂಎಲ್ ನಿಂಬೆರಸ, 20 ಎಂಎಲ್ ಸಕ್ಕರೆ ಪಾಕ. ಪಾಕ ಅಂದರೆ ಎಳೆ ಪಾಕ ಅಲ್ಲ, ಸಮ ತೂಕದ ಸಕ್ಕರೆ ಮತ್ತು ನೀರು ಕರಗಿಸಿ ಆರಿಸಿದ್ದು. ನಿಂಬೆ ಆಗಷ್ಟೇ ಹಿಂಡಿದ್ದಾಗಿರಲಿ. ನಮ್ಮ ಇಂಡಿ ಕಡೆಯ ತೆಳು ಸಿಪ್ಪೆಯ ನಿಂಬೆ ಸಿಕ್ಕಿದರೆ ಈ ಡ್ರಿಂಕ್‌ಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ರಸದಲ್ಲಿನ ಬೀಜ ತೆಗೆದರೆ ಸಾಕು, ಬಟ್ಟೆಯಲ್ಲಿ ಸೋಸಿ ಪೂರ್ತಿ ತಿಳಿ ಮಾಡಬೇಡಿ. ರಸದಲ್ಲಿ ತೇಲುವ ಆ ಸಣ್ಣ ಕಣಗಳೇ ಗುಳ್ಳೆಗಳನ್ನು ಹಿಡಿದಿಡುವುದು. ಸಕ್ಕರೆಯೂ ದ್ರವವನ್ನು ಮಂದ ಮಾಡಿ ಗುಳ್ಳೆ ಬೇಗ ಒಡೆಯದ ಹಾಗೆ ನೋಡಿಕೊಳ್ಳುತ್ತದೆ.

ಇದನ್ನು ಕಲಕಿ ನೋಡಿದರೆ ಏನು ಕೊರತೆ ಅಂತ ಗೊತ್ತಾಗುತ್ತದೆ. ತಣ್ಣಗಿರುತ್ತದೆ, ಅಳತೆಯೂ ಸರಿ ಇರುತ್ತದೆ. ಆದರೂ ಹುಳಿ ಒಂದು ಕಡೆ, ಸಿಹಿ ಒಂದು ಕಡೆ ಅನ್ನಿಸುತ್ತದೆ. ಬಾಯಲ್ಲಿ ಭಾರವಾಗಿ, ಜಿನ್ ಬೆರೆಸಿದ ಶರಬತ್ತಿನ ಹಾಗಿರುತ್ತದೆ. ಅದನ್ನೇ ಶೇಕ್ ಮಾಡಿದಾಗ ಗುಳ್ಳೆಗಳು ಹುಳಿಯ ಚೂಪನ್ನು ಮೊಂಡು ಮಾಡುತ್ತವೆ. ಡ್ರಿಂಕ್ ಹಗುರ ಆಗುತ್ತದೆ, ಮೇಲೆ ಬೆರಳಗಲಕ್ಕಿಂತ ಕಡಿಮೆ ನೊರೆ ನಿಲ್ಲುತ್ತದೆ. ಮಾರ್ಟಿನಿಯಲ್ಲಿ ನುಣುಪು ಹಾಳುಮಾಡಿದ ಗಾಳಿಯೇ ಇಲ್ಲಿ ಡ್ರಿಂಕ್‌ಗೆ ಜೀವ ಕೊಡುತ್ತದೆ.

ಶೇಕರ್‌ಗೆ ಮೊದಲು ಮದ್ಯ, ರಸ, ಪಾಕ ಹಾಕಿ, ಕೊನೆಗೆ ಐಸ್ ತುಂಬಿ. ಐಸ್ ಮೊದಲೇ ಹಾಕಿಟ್ಟು ನಿಂಬೆ ಹಿಂಡುತ್ತಾ ಕೂತರೆ ಅಷ್ಟು ಹೊತ್ತಿಗೆ ಒಂದಿಷ್ಟು ನೀರಾಗಿರುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಭುಜದ ಎತ್ತರದಲ್ಲಿ ಮುಂದಕ್ಕೆ ಹಿಂದಕ್ಕೆ ಜೋರಾಗಿ ಆಡಿಸಿ. ಐಸ್ ಈ ತುದಿಯಿಂದ ಆ ತುದಿಗೆ ಹೋಗಿ ಬಡಿಯಬೇಕು. ಮೆಲ್ಲಗೆ ತೂಗಿದರೆ ತಣ್ಣಗೆ ಮಾತ್ರ ಆಗುತ್ತದೆ, ಗಾಳಿ ಹೋಗುವುದಿಲ್ಲ. 12 ಸೆಕೆಂಡು ಆಗುವಾಗ ಸ್ಟೀಲ್ ಶೇಕರ್ ಮೇಲೆ ಬೆಳ್ಳಗೆ ಹಿಮ ಕಟ್ಟಿರುತ್ತದೆ, ಕೈಗೆ ಹಿಡಿಯಲಾಗದಷ್ಟು ತಣ್ಣಗಿರುತ್ತದೆ. ಅಲ್ಲಿಗೆ ಸಾಕು.

ಟೀ ಸೋಸುವ ಜರಡಿಯನ್ನೂ ಹಿಡಿದು ಎರಡು ಸಲ ಸೋಸುವುದು ನನಗಿಷ್ಟ. ಐಸ್ ಚೂರುಗಳು ಲೋಟಕ್ಕೆ ಬಿದ್ದರೆ ಅಲ್ಲೂ ಕರಗುತ್ತಾ ಇರುತ್ತವೆ, ನೊರೆಯ ಮೇಲೆ ಮರಳಿನ ಹಾಗೆ ಬಾಯಿಗೆ ಸಿಗುತ್ತವೆ. ಆ ಕರಕರ ಬೇಕು ಅನ್ನುವವರು ಒಂದೇ ಸಲ ಸೋಸಿದರೆ ಆಯಿತು. ತಕ್ಷಣ ಕೊಡಿ, ಏಕೆಂದರೆ ಈ ನೊರೆ ನಾಲ್ಕೈದು ನಿಮಿಷದ್ದು.

ಇಲ್ಲಿ ನೀರಿನ ಲೆಕ್ಕ ಬೇರೆ. ಒಳಗೆ ಹೋದದ್ದು 100 ಎಂಎಲ್, ಅದಕ್ಕೆ 50ರ ಆಸುಪಾಸು ನೀರು ಸೇರುತ್ತದೆ. ಆಲ್ಕೋಹಾಲ್ 17 ಶೇಕಡಾಕ್ಕೆ ಇಳಿಯುತ್ತದೆ. ಹುಳಿ, ಸಿಹಿ ಎರಡೂ ಜೋರಾಗಿರುವುದರಿಂದ ಇಷ್ಟು ನೀರನ್ನು ಈ ಡ್ರಿಂಕ್ ತಡೆದುಕೊಳ್ಳುತ್ತದೆ, ಬೇಕಾಗಿಯೂ ಇರುತ್ತದೆ. ಇದನ್ನು ಅಳತೆ ಲೋಟದಲ್ಲಿ ನೋಡಿದರೆ ನೊರೆ ಮೋಸ ಮಾಡುತ್ತದೆ. ಅಡುಗೆ ತಕ್ಕಡಿಯಲ್ಲಿ ಮೊದಲು ಎಷ್ಟು ಗ್ರಾಂ, ಸೋಸಿದ ಮೇಲೆ ಎಷ್ಟು ಗ್ರಾಂ ಅಂತ ತೂಗಿ.

ಗಿಮ್ಲೆಟ್‌ನಲ್ಲೇ ಒಂದು ಕವಲು ಇದೆ. ಕ್ಲಬ್‌ಗಳಲ್ಲಿ, ಹಳೆಯ ಬಾರ್‌ಗಳಲ್ಲಿ ಗಿಮ್ಲೆಟ್ ಅಂದರೆ ಜಿನ್ ಮತ್ತು ಬಾಟಲಿಯ ಲೈಮ್ ಕಾರ್ಡಿಯಲ್. ಮೂಲದಲ್ಲಿಯೂ ಅದು ಹಾಗೆಯೇ. ಸ್ಕಾಟ್ಲೆಂಡಿನ ಲೀತ್‌ನ ಲಾಕ್ಲನ್ ರೋಸ್ 1867ರಲ್ಲಿ ನಿಂಬೆರಸವನ್ನು ಆಲ್ಕೋಹಾಲ್ ಇಲ್ಲದೆ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ, ಹಡಗುಗಳಲ್ಲಿ ಆ ಕಾರ್ಡಿಯಲ್ ಬಳಕೆಗೆ ಬಂತು. ಕಾರ್ಡಿಯಲ್ ಸೋಸಿ ತಿಳಿ ಮಾಡಿದ್ದು, ಸಕ್ಕರೆ ಪೂರ್ತಿ ಕರಗಿರುವಂಥದ್ದು. ನೊರೆ ಹಿಡಿದಿಡುವ ಕಣಗಳು ಅದರಲ್ಲಿ ಹೆಚ್ಚಿಲ್ಲ. ಆದ್ದರಿಂದ 60 ಎಂಎಲ್ ಜಿನ್‌ಗೆ 20 ಎಂಎಲ್ ಕಾರ್ಡಿಯಲ್ ಹಾಕುವುದಾದರೆ ಕಲಕಿ. ತಿಳಿ ಹಸಿರು ಬಣ್ಣ ಉಳಿಯುತ್ತದೆ, ಮಾರ್ಟಿನಿಯ ತೂಕವೂ ಸಿಗುತ್ತದೆ. ಒಂದೇ ಹೆಸರಿನ ಡ್ರಿಂಕ್, ನಿಂಬೆ ಹಣ್ಣಿನದಾದರೆ ಶೇಕರ್, ಬಾಟಲಿಯದಾದರೆ ಚಮಚ.

ಮೊಟ್ಟೆ, ಕಾಫಿ, ಟೊಮೆಟೊ, ಸೋಡಾ

ಮೊಟ್ಟೆಯ ಬಿಳಿ ಇದ್ದರೆ ಕಲಕುವ ಮಾತೇ ಇಲ್ಲ. ಅದರ ಪ್ರೋಟೀನ್ ಬಿಚ್ಚಿಕೊಂಡು ಗುಳ್ಳೆಗಳ ಸುತ್ತ ಪೊರೆ ಕಟ್ಟಬೇಕು, ಅದಕ್ಕೆ ಜೋರು ಬೇಕು. ವಿಸ್ಕಿ ಸಾರ್ ಮಾಡುವಾಗ ವಿಸ್ಕಿ, ನಿಂಬೆರಸ, ಪಾಕ, ಒಂದು ಮೊಟ್ಟೆಯ ಬಿಳಿ ಎಲ್ಲವನ್ನೂ ಮೊದಲು ಐಸ್ ಇಲ್ಲದೆ 15 ಸೆಕೆಂಡು ಶೇಕ್ ಮಾಡುತ್ತಾರೆ. ತಣ್ಣಗಾಗುವ ಮೊದಲೇ, ನೀರು ಸೇರುವ ಮೊದಲೇ ನೊರೆ ಚೆನ್ನಾಗಿ ಏಳುತ್ತದೆ. ಆಮೇಲೆ ಐಸ್ ಹಾಕಿ ಇನ್ನೊಮ್ಮೆ. ಐಸ್ ಇಲ್ಲದ ಆ ಮೊದಲ ಸುತ್ತಿನಲ್ಲಿ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಹಿಡಿದಿರಿ. ಸಾಮಾನ್ಯವಾಗಿ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುವುದರಿಂದ ಮುಚ್ಚಳ ತಾನೇ ಬಿಗಿಯಾಗುತ್ತದೆ, ಇಲ್ಲಿ ಅದು ಆಗುವುದಿಲ್ಲ. ಬಿಟ್ಟರೆ ಅಂಗಿಯೆಲ್ಲ ಅಂಟು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅಪಾಯ ಇದ್ದೇ ಇದೆ, ಗರ್ಭಿಣಿಯರಿಗೆ ಮದ್ಯವೂ ಬೇಡ, ಇದೂ ಬೇಡ. ಮೊಟ್ಟೆ ತಿನ್ನದವರಿಗೆ ಕಾಬೂಲ್ ಕಡಲೆ ಬೇಯಿಸಿದ ನೀರು ಇದೆ. ಉಪ್ಪು ಹಾಕದೆ ಬೇಯಿಸಿ, ಆ ನೀರನ್ನು ಸ್ವಲ್ಪ ಗಟ್ಟಿಯಾಗುವ ತನಕ ಕುದಿಸಿ, ಆರಿಸಿ 25 ಎಂಎಲ್ ಹಾಕಿ. ನೊರೆ ಚೆನ್ನಾಗಿ ನಿಲ್ಲುತ್ತದೆ, ಕಡಲೆಯ ವಾಸನೆ ನಿಂಬೆಯಲ್ಲಿ ಮರೆಯಾಗುತ್ತದೆ.

ಕಾಫಿ ಹಾಕುವ ಎಸ್‌ಪ್ರೆಸೊ ಮಾರ್ಟಿನಿಯಲ್ಲಿ ಜ್ಯೂಸ್ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಆದರೂ ಶೇಕ್ ಮಾಡಲೇಬೇಕು. ಅದರ ಮೇಲಿನ ಕಂದು ನೊರೆಯೇ ಆ ಡ್ರಿಂಕ್‌ನ ಅರ್ಧ ಭಾಗ. ನಮ್ಮ ಫಿಲ್ಟರ್ ಡಿಕಾಕ್ಷನ್ ಗಟ್ಟಿಯಾಗಿದ್ದರೆ ಅದರಲ್ಲೂ ಮಾಡಬಹುದು. ರುಚಿ ಸೊಗಸಾಗಿ ಬರುತ್ತದೆ, ಆದರೆ ಎಸ್‌ಪ್ರೆಸೊದಷ್ಟು ದಪ್ಪ ನೊರೆ ನಿರೀಕ್ಷಿಸಬೇಡಿ.

ಬ್ಲಡಿ ಮೇರಿ ಇದಕ್ಕೆ ಉಲ್ಟಾ. ಜ್ಯೂಸ್ ಇದೆ, ಆದರೆ ಶೇಕ್ ಮಾಡಬಾರದು. ಟೊಮೆಟೊ ರಸ ದಪ್ಪಗಿರುವುದೇ ಚೆನ್ನ. ಜೋರಾಗಿ ಕುಲುಕಿದರೆ ನೊರೆ ನೊರೆಯಾಗಿ ತೆಳುವಾಗುತ್ತದೆ. ಚಮಚದಲ್ಲಿ ಕಲಕಿದರೆ ಮಸಾಲೆ ಸರಿಯಾಗಿ ಬೆರೆಯುವುದಿಲ್ಲ. ಅದಕ್ಕೇ ಇದನ್ನು ಐಸ್ ಸಮೇತ ಒಂದು ಲೋಟದಿಂದ ಇನ್ನೊಂದಕ್ಕೆ, ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದು ಆರಿಸುವ ಹಾಗೆ, ನಾಲ್ಕೈದು ಸಲ ಸುರಿಯುತ್ತಾರೆ. ಕಾಫಿಗೆ ಕೈ ಎತ್ತರಕ್ಕೆ ಹೋಗುತ್ತದೆ, ಇದಕ್ಕೆ ಹೋಗಬಾರದು. ಹತ್ತಿರದಿಂದ ಮೆಲ್ಲಗೆ ಸುರಿದರೆ ಸಾಕು.

ಸೋಡಾ, ಟಾನಿಕ್ ಇರುವ ಯಾವುದನ್ನೂ ಮುಚ್ಚಿದ ಶೇಕರ್‌ಗೆ ಹಾಕಬೇಡಿ. ಒಳಗೆ ಒತ್ತಡ ಹೆಚ್ಚಿ ಮುಚ್ಚಳ ಹಾರುತ್ತದೆ, ಗ್ಯಾಸೂ ಹೋಗುತ್ತದೆ. ಟಾಮ್ ಕಾಲಿನ್ಸ್ ಆದರೆ ಜಿನ್, ನಿಂಬೆ, ಪಾಕ ಶೇಕ್ ಮಾಡಿ ಲೋಟಕ್ಕೆ ಸೋಸಿದ ಮೇಲೆ ಸೋಡಾ ಹಾಕಿ, ಚಮಚದಲ್ಲಿ ಒಮ್ಮೆ ಕೆಳಗಿಂದ ಮೇಲಕ್ಕೆ ಎತ್ತಿದರೆ ಆಯಿತು.

ನಮ್ಮ ಮನೆಯ ಐಸ್, ನಮ್ಮ ಹವೆ

ರೆಸಿಪಿಗಳಲ್ಲಿ ಕೊಡುವ ಸೆಕೆಂಡುಗಳ ಲೆಕ್ಕ ಸಾಮಾನ್ಯವಾಗಿ 20 ಡಿಗ್ರಿಯ ಕೋಣೆಗೆ ಹೊಂದುವಂಥದ್ದು. ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ನಮ್ಮ ಜಿನ್ 28 ಡಿಗ್ರಿ ಇರುತ್ತದೆ, ಮಂಗಳೂರು ಕಡೆ ಇನ್ನೂ ಜಾಸ್ತಿ. ಆ 8 ಡಿಗ್ರಿ ಇಳಿಸಲಿಕ್ಕೇ ಒಂದು ಮಾರ್ಟಿನಿಗೆ ಸುಮಾರು 7 ಗ್ರಾಂ ಐಸ್ ಹೆಚ್ಚು ಕರಗಬೇಕು. 30 ಎಂಎಲ್ ನೀರು ಬೇಕಾದ ಕಡೆ 37 ಆಗುತ್ತದೆ. ಕಲಕುವ ಡ್ರಿಂಕ್‌ಗಳ ಜಿನ್, ವರ್ಮೂತ್ ಎರಡನ್ನೂ ಫ್ರಿಜ್‌ನಲ್ಲಿಟ್ಟರೆ ಈ ತೊಂದರೆ ಇಲ್ಲ. ವರ್ಮೂತ್ ವೈನ್‌ನಿಂದ ಮಾಡಿದ್ದು, ಬಾಟಲಿ ತೆರೆದ ಮೇಲೆ ಅದು ಹೇಗೂ ಫ್ರಿಜ್‌ನಲ್ಲೇ ಇರಬೇಕು. ಆದರೆ ಜಿನ್ ಅನ್ನು ಫ್ರೀಜರ್‌ನಲ್ಲಿಟ್ಟು ಆಮೇಲೆ ಕಲಕಬೇಡಿ. ಅಷ್ಟು ತಣ್ಣಗಿದ್ದರೆ ಐಸ್ ಹೆಚ್ಚು ಕರಗುವುದಿಲ್ಲ, ಬೇಕಾದಷ್ಟು ನೀರು ಸೇರದೆ ಉರಿ ಉಳಿದುಬಿಡುತ್ತದೆ.

ಐಸ್ ಒದ್ದೆಯಾಗಿರುವುದು ಇನ್ನೊಂದು ಸಮಸ್ಯೆ. ಬಕೆಟ್‌ನಲ್ಲಿ ಹತ್ತು ನಿಮಿಷ ಇಟ್ಟ ಐಸ್ ತುಂಡುಗಳ ಮೈಮೇಲೆಲ್ಲ ನೀರು ಅಂಟಿಕೊಂಡಿರುತ್ತದೆ. ಆ ನೀರು ಈಗಾಗಲೇ ಕರಗಿ ಮುಗಿದದ್ದು, ಡ್ರಿಂಕ್ ಅನ್ನು ಹೆಚ್ಚೇನೂ ತಣ್ಣಗೆ ಮಾಡುವುದಿಲ್ಲ, ತೆಳು ಮಾತ್ರ ಮಾಡುತ್ತದೆ. ತುಂಡು ಚಿಕ್ಕದಾದಷ್ಟೂ ಹೀಗೆ ಅಂಟುವ ನೀರು ಜಾಸ್ತಿ. ಶೇಕ್ ಮಾಡುವ ಗಿಮ್ಲೆಟ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಮಾರ್ಟಿನಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಇರುವ ಒಳ್ಳೆಯ, ದೊಡ್ಡ, ಒಣ ಐಸ್ ಅನ್ನು ಕಲಕುವುದಕ್ಕೆ ಎತ್ತಿಡಿ. ಟ್ರೇಯ ಚಿಕ್ಕ ಐಸ್ ಶೇಕರ್‌ಗೆ ನಡೆಯುತ್ತದೆ. ಎರಡೂ ಡ್ರಿಂಕ್ ಒಂದೇ ಸಂಜೆ ಮಾಡುವುದಿದ್ದರೆ ಐಸ್ ಅನ್ನು ಜರಡಿಗೆ ಹಾಕಿ ಎರಡು ಸಲ ಕೊಡವಿ, ನೀರು ಬಸಿದ ಮೇಲೆ ಮೊದಲು ಮಾರ್ಟಿನಿ ಕಲಕಿ, ಉಳಿದದ್ದರಲ್ಲಿ ಗಿಮ್ಲೆಟ್ ಶೇಕ್ ಮಾಡಿ. ಗಿಮ್ಲೆಟ್ ನೊರೆ ಇಳಿಯುವ ಮೊದಲೇ ಕುಡಿಯಬೇಕಾದ್ದರಿಂದ ಅದು ಎರಡನೆಯದಾಗಿ ಬಂದರೇ ಅನುಕೂಲ.